ಹೋಟೆಲ್ ಕಾರ್ಡಿನ ಅನುವಾದ: ನಿಯಮ ಕನ್ನಡಕ್ಕೆ ಬರಲಿ, ಪಾಸ್‌ವರ್ಡ್ ಇದ್ದ ಹಾಗೇ ಇರಲಿ

ಜಪಾನಿನ ಸಣ್ಣ ಹೋಟೆಲುಗಳಲ್ಲಿ ಕೊಠಡಿಯ ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟಿರುತ್ತಾರೆ. ಕೊಠಡಿ ಯಾವಾಗ ಖಾಲಿ ಮಾಡಬೇಕು, ಸ್ನಾನಗೃಹ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ವೈಫೈ ಪಾಸ್‌ವರ್ಡ್ ಏನು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಬಹಳ ಸಲ ಪೂರ್ತಿ ಜಪಾನಿ ಭಾಷೆಯಲ್ಲಿ! ಈಗ ಅದರ ಫೋಟೋ ತೆಗೆದು ಫೋನಿನಲ್ಲೇ ಕನ್ನಡಕ್ಕೆ ಅನುವಾದಿಸಿಕೊಳ್ಳಬಹುದು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ.

ಆದರೆ ಒಂದೇ ಕಾರ್ಡಿನಲ್ಲಿ ಎರಡು ಬಗೆಯ ಬರಹ ಇದೆ. ನಿಯಮಗಳು ಮತ್ತು ಸಮಯಗಳ ಅರ್ಥ ನಮಗೆ ಬೇಕು, ಅಕ್ಷರಗಳು ಹೇಗಿದ್ದರೂ ಸರಿ. ಪಾಸ್‌ವರ್ಡ್‌ನದು ಇದಕ್ಕೆ ಪೂರ್ತಿ ವಿರುದ್ಧ. ಅದಕ್ಕೆ ಅರ್ಥವೇ ಬೇಕಿಲ್ಲ, ಅಕ್ಷರ ಮಾತ್ರ ಒಂದೂ ಬದಲಾಗಬಾರದು. ಅನುವಾದದ ತಂತ್ರಾಂಶಕ್ಕೆ ಈ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ ಎಂದುಕೊಳ್ಳುವುದು ತಪ್ಪು.

ಫೋಟೋ ಅನುವಾದ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಚಿತ್ರದಲ್ಲಿ ಬರಹ ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ಒಂದೊಂದು ಆಕಾರವೂ ಯಾವ ಅಕ್ಷರ ಎಂದು ಗುರುತಿಸಬೇಕು. ಸಿಕ್ಕಿದ ಪಠ್ಯವನ್ನು ಅನುವಾದಿಸಿ, ಕೊನೆಗೆ ಅದನ್ನು ಚಿತ್ರದ ಮೇಲೆ ಅಂಟಿಸಬೇಕು. ಯಡವಟ್ಟು ಶುರುವಾಗುವುದು ಎರಡನೆಯ ಹಂತದಲ್ಲೇ. ಅಕ್ಷರ ಅಸ್ಪಷ್ಟವಾಗಿದ್ದರೆ ತಂತ್ರಾಂಶ ಅಕ್ಕಪಕ್ಕ ನೋಡಿ ಊಹಿಸುತ್ತದೆ. ನಾವು ಮಾಡುವುದೂ ಅದನ್ನೇ: ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ ಇದ್ದರೂ, ಪದದೊಳಗೆ ಬಂದರೆ ಅನುಸ್ವಾರ, ಅಂಕಿಗಳ ನಡುವೆ ಬಂದರೆ ಸೊನ್ನೆ ಎಂದು ತಿಳಿದುಬಿಡುತ್ತೇವೆ. ಪಾಸ್‌ವರ್ಡ್‌ಗೆ ಇಂಥ ಅಕ್ಕಪಕ್ಕವೇ ಇಲ್ಲ.

ಉದಾಹರಣೆಗೆ ನಾವೇ ಕಟ್ಟಿದ ಒಂದು ಕಾರ್ಡನ್ನು ತೆಗೆದುಕೊಳ್ಳೋಣ. ಅದರ ಕೊನೆಯ ಎರಡು ಸಾಲು ಹೀಗಿವೆ:

```
SSID: Haru-305
PASS: haru-1O0l25
```

ಜಪಾನಿ ಭಾಷೆಯಲ್ಲಿ 'ಹರು' ಎಂದರೆ ವಸಂತ. ಹಾಗಾಗಿ ಆ ಭಾಗ ಕನ್ನಡದಲ್ಲಿ 'ವಸಂತ' ಎಂದೋ 'ಹರು' ಎಂದೋ ಬಂದುಬಿಡಬಹುದು. ಇದು ಕಣ್ಣಿಗೆ ಬೀಳುವ ತಪ್ಪು, ಆದ್ದರಿಂದ ಅಪಾಯ ಕಡಿಮೆ. ಅಪಾಯ ಇರುವುದು ಸದ್ದಿಲ್ಲದ ತಪ್ಪುಗಳಲ್ಲಿ. ಹರು ಪದದ ನಂತರ ಅಂಕಿ ಒಂದು, ದೊಡ್ಡ ಓ, ಸೊನ್ನೆ, ಚಿಕ್ಕ ಎಲ್ ಇವೆ. ಇವು ನಾಲ್ಕೂ ಸೇರಿ `1001` ಎಂದಾದರೆ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ನಡುವಿನ ಅಡ್ಡಗೆರೆಯೂ ಸಾಮಾನ್ಯದ್ದಲ್ಲ. ಜಪಾನಿ ಲಿಪಿಯಲ್ಲಿ ದೀರ್ಘ ಸ್ವರದ ಗುರುತು ಒಂದು ಅಡ್ಡಗೆರೆ, 'ಒಂದು' ಎಂಬ ಕಾಂಜಿ ಅಕ್ಷರವೂ ಒಂದು ಅಡ್ಡಗೆರೆ! ನಮಗೆ ಮೂರೂ ಒಂದೇ, ಫೋನಿಗೆ ಮೂರು ಬೇರೆ ಬೇರೆ ಅಕ್ಷರಗಳು.

ಒಂದೇ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ? ಈಗಲೂ ಬಹಳ ಕಡೆ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಫೋನು ಪಾಸ್‌ವರ್ಡನ್ನು ನೇರವಾಗಿ ಕಳುಹಿಸುವುದಿಲ್ಲ. ಪಾಸ್‌ವರ್ಡ್ ಮತ್ತು ನೆಟ್‌ವರ್ಕ್‌ನ ಹೆಸರನ್ನು ಸೇರಿಸಿ, ಒಂದು ಲೆಕ್ಕವನ್ನು 4096 ಸುತ್ತು ಮಾಡಿ, 256 ಬಿಟ್‌ಗಳ ಕೀಲಿಯೊಂದನ್ನು ತಯಾರಿಸುತ್ತದೆ. ಒಂದು ಅಕ್ಷರ ಬದಲಾದರೆ ಇಡೀ ಕೀಲಿಯೇ ಬೇರೆಯಾಗುತ್ತದೆ. ಹೀಗಾಗಿ 'ಹತ್ತು ಅಕ್ಷರ ಸರಿ, ಒಂದು ತಪ್ಪು' ಎಂದು ಹೇಳಲು ಆ ಕಡೆಯ ರೂಟರಿಗೆ ಸಾಧ್ಯವೇ ಇಲ್ಲ. ಹೆಸರೂ ಲೆಕ್ಕದೊಳಗೆ ಸೇರಿರುವುದರಿಂದ ಅದನ್ನೂ ಅನುವಾದಿಸುವಂತಿಲ್ಲ.

ಈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಇಂಗ್ಲಿಷ್ ಕೀಲಿಮಣೆಯ ಸಾಮಾನ್ಯ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಅದಕ್ಕೆ ಸಲ್ಲುತ್ತವೆ. ಅನುವಾದದಲ್ಲಿ 25 ಎಂಬುದು ಕನ್ನಡ ಅಂಕಿಯ ೨೫ ಆಗಿ ಬಂದರೆ ಅದು ನಡೆಯುವುದಿಲ್ಲ. ಖಾಲಿ ಜಾಗ ಮಾತ್ರ ನಡೆಯುತ್ತದೆ. ಅದೇ ತೊಂದರೆ: ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೆ ಅದೂ ಒಂದು ಅಕ್ಷರವೆಂದೇ ಲೆಕ್ಕ.

ಇನ್ನು ಅನುವಾದ ಆಗಲೇಬೇಕಾದ ಭಾಗಕ್ಕೆ ಬರೋಣ. ಇಲ್ಲಿ ಅಕ್ಷರಗಳನ್ನು ಸರಿಯಾಗಿ ಓದಿದರೂ ಅರ್ಥ ಜಾರುವುದುಂಟು. ಧೂಮಪಾನದ ಸಾಲಿನ ಕೊನೆಗೆ 'ಗೋ-ಎನ್‌ರ್ಯೋ ಕುದಸಾಯ್' ಎಂದಿರುತ್ತದೆ. ಪದಶಃ ನೋಡಿದರೆ 'ದಯವಿಟ್ಟು ಸಂಕೋಚ ಪಟ್ಟುಕೊಳ್ಳಿ' ಎಂಬಂತಹ ಮಾತು. ಜಪಾನಿನ ಸೌಜನ್ಯದಲ್ಲಿ ಅದರ ಅರ್ಥ 'ಸೇದಬೇಡಿ', ಅಷ್ಟೇ. 'ಮೊಂಗೆನ್' ಎಂಬುದು ಹೋಟೆಲಿನ ಬಾಗಿಲು ಹಾಕುವ ಹೊತ್ತು. ಇಂಗ್ಲಿಷಿನ ಮೂಲಕ ಸುತ್ತಿ ಬಂದರೆ ಅದು 'ಕರ್ಫ್ಯೂ' ಆಗಬಹುದು, ಓದಿದವರಿಗೆ ಪೊಲೀಸರೇ ನೆನಪಾಗಬಹುದು! 'ರಾತ್ರಿ 12ಕ್ಕೆ ಮುಂಬಾಗಿಲು ಮುಚ್ಚುತ್ತದೆ' ಎಂದು ಬರೆದರೆ ಸರಿಹೋಗುತ್ತದೆ.

ಸಮಯಗಳಲ್ಲಿ ಇನ್ನೂ ಸೂಕ್ಷ್ಮವಾಗಿರಬೇಕು. ಸಾರ್ವಜನಿಕ ಸ್ನಾನಗೃಹದ ಸಾಲಿನಲ್ಲಿ 15:00ರಿಂದ 25:00 ಎಂದಿದ್ದರೆ ಅದು ಮುದ್ರಣದೋಷವಲ್ಲ. ಮಧ್ಯರಾತ್ರಿ ದಾಟಿದರೂ ಅದೇ ದಿನದ ಲೆಕ್ಕ ಮುಂದುವರಿಸುವ ರೂಢಿ ಜಪಾನಿನಲ್ಲಿದೆ. 25:00 ಎಂದರೆ ರಾತ್ರಿ ಒಂದು ಗಂಟೆ. ಚೆಕ್‌ಔಟ್ ಸಾಲಿನಲ್ಲಿ 10:00ರ ಪಕ್ಕ 'ಮದೆ' ಎಂಬ ಪ್ರತ್ಯಯ ಇರುತ್ತದೆ. ಇದನ್ನು '10 ಗಂಟೆಯವರೆಗೆ' ಎನ್ನುವುದಕ್ಕಿಂತ '10 ಗಂಟೆಯೊಳಗೆ ಕೊಠಡಿ ಬಿಡಬೇಕು' ಎಂದರೆ ಗೊಂದಲವಿಲ್ಲ. 'ಇಕೋ' ಎಂದಿದ್ದರೆ 'ಆ ಹೊತ್ತಿನಿಂದ ಮುಂದೆ'. 22:00ರ ಜೊತೆ ಅದು ಬಂದರೆ, ರಾತ್ರಿ ಹತ್ತರ ನಂತರ ಸದ್ದು ಮಾಡಬೇಡಿ ಎಂಬ ಸೂಚನೆ. ನಮ್ಮ ಲಾಡ್ಜುಗಳ '24 ಗಂಟೆ ಚೆಕ್‌ಔಟ್' ಫಲಕವನ್ನು ಬೇರೆ ಭಾಷೆಗೆ ಒಯ್ಯುವಾಗಲೂ ಇದೇ ಕಷ್ಟ. ಅದು ಮಧ್ಯರಾತ್ರಿಯಲ್ಲ, ಬಂದ ಹೊತ್ತಿನಿಂದ 24 ಗಂಟೆ.

ಹಾಗಾದರೆ ಪಾಸ್‌ವರ್ಡ್ ಓದುವುದು ಹೇಗೆ? ಅನುವಾದವಾದ ಚಿತ್ರವನ್ನು ಬದಿಗಿಟ್ಟು ಮೂಲ ಫೋಟೋವನ್ನೇ ದೊಡ್ಡದು ಮಾಡಿ ನೋಡಬೇಕು. ಅದೇ ಕಾರ್ಡಿನ ಚೆಕ್‌ಔಟ್ ಸಾಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. 10:00 ಎಂಬಲ್ಲಿರುವುದು ಖಂಡಿತವಾಗಿಯೂ ಒಂದು ಮತ್ತು ಸೊನ್ನೆ. ಎರಡೂ ಸಾಲುಗಳ ಅಕ್ಷರಶೈಲಿ ಒಂದೇ ಆಗಿದ್ದರೆ, ಆ ಆಕಾರಗಳನ್ನು ಪಾಸ್‌ವರ್ಡಿನ ಅಕ್ಷರಗಳ ಪಕ್ಕ ಇಟ್ಟು ನೋಡಿ. ಓ ಸಾಮಾನ್ಯವಾಗಿ ಸೊನ್ನೆಗಿಂತ ಅಗಲ. ಚಿಕ್ಕ ಎಲ್ ಮತ್ತು ದೊಡ್ಡ ಐ ಮಾತ್ರ ಕೆಲವು ಶೈಲಿಗಳಲ್ಲಿ ಒಂದೇ ಗೆರೆ, ಆಗ ಎರಡನ್ನೂ ಪ್ರಯತ್ನಿಸಿ ನೋಡುವುದೊಂದೇ ದಾರಿ. ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ ಅಕ್ಷರಗಳನ್ನು ತೋರಿಸಿಕೊಳ್ಳಿ. ಕನೆಕ್ಟ್ ಗುಂಡಿ ಒತ್ತಲು ಬರದೆ ಮಂಕಾಗಿಯೇ ಇದ್ದರೆ ಎಂಟಕ್ಕಿಂತ ಕಡಿಮೆ ಅಕ್ಷರ ಹಾಕಿರುತ್ತೀರಿ. ಗುಂಡಿ ಕೆಲಸ ಮಾಡಿಯೂ ಸಂಪರ್ಕ ಸಿಗದಿದ್ದರೆ ಯಾವುದೋ ಅಕ್ಷರ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು.

ಮನೆಯವರಿಗಾಗಿ ಕಾರ್ಡನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದರೆ ಆ ಎರಡು ಸಾಲುಗಳನ್ನು ಹಾಗೇ ಇಳಿಸಿ, ಪಕ್ಕದಲ್ಲಿ 'ಒಂದು, ದೊಡ್ಡ ಓ, ಸೊನ್ನೆ, ಚಿಕ್ಕ ಎಲ್' ಎಂದು ಬಿಡಿಸಿ ಬರೆಯಿರಿ. ಅನುವಾದವನ್ನೇ ಕಸುಬಾಗಿಸಿಕೊಂಡವರು ಇಂಥ ಭಾಗಗಳಿಗೆ ಬೀಗ ಹಾಕಿಯೇ ಕೆಲಸ ಶುರುಮಾಡುತ್ತಾರೆ. ಜಾಲತಾಣಗಳಲ್ಲಿ ಇದಕ್ಕೆಂದೇ `translate="no"` ಎಂಬ ಸೂಚನೆ ಇದೆ. ಕಾಗದದ ಕಾರ್ಡಿಗೆ ಅಂಥ ಸೌಲಭ್ಯವಿಲ್ಲ. ಆದರೆ ಕಾರ್ಡಿನ ಮೂಲೆಯಲ್ಲಿ ವೈಫೈಯ ಕ್ಯೂಆರ್ ಕೋಡ್ ಇದ್ದರೆ ಅಷ್ಟೇ ಅನುಕೂಲ. ಅದರೊಳಗೆ ಇರುವುದು ಇಷ್ಟು:

```
WIFI:T:WPA;S:Haru-305;P:haru-1O0l25;;
```

ಫೋನಿನ ಸಾಮಾನ್ಯ ಕ್ಯಾಮೆರಾದಲ್ಲಿ ಅದನ್ನು ತೋರಿಸಿದರೆ ಅಕ್ಷರ ಗುರುತಿಸುವ ಊಹೆಯ ಹಂತವೇ ಬರುವುದಿಲ್ಲ. ಅಂದಹಾಗೆ, ಕಾರ್ಡಿನ ಫೋಟೋವನ್ನು ಜಾಲತಾಣದಲ್ಲಿ ಹಾಕುವ ಮನಸ್ಸಾದರೆ ಪಾಸ್‌ವರ್ಡಿನ ಸಾಲಿನ ಜೊತೆಗೆ ಈ ಚೌಕವನ್ನೂ ಕತ್ತರಿಸಿ ಹಾಕಿ.