ಹಾಲು ಪರೀಕ್ಷಕರ ಮೊದಲ ಮೂವತ್ತು ದಿನ

ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೊಸದಾಗಿ ಸೇರಿದ ಹಾಲು ಪರೀಕ್ಷಕರಿಗೆ ಕೆಲಸ ಕಲಿಸಿ, ಹಾಲು ಹಾಕುವವರಿಗೂ ಒಕ್ಕೂಟದವರಿಗೂ ಪರಿಚಯಿಸಿ, ನಡುನಡುವೆ ಪರಿಶೀಲಿಸಿ, ಕೊನೆಗೆ ಅಳತೆಯ ಹೊಣೆಯನ್ನು ಪೂರ್ತಿಯಾಗಿ ಒಪ್ಪಿಸುವ ಒಂದು ತಿಂಗಳ ಕ್ರಮವನ್ನು ಇಲ್ಲಿ ವಿವರಿಸಿದೆ. ಕರ್ನಾಟಕದಲ್ಲಿ ಆಣಂದ್ ಮಾದರಿಯ ಹೈನು ಸಹಕಾರ 1974ರಲ್ಲಿ ಹೈನು ಅಭಿವೃದ್ಧಿ ನಿಗಮದೊಂದಿಗೆ ಆರಂಭವಾಯಿತು. 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಊರಿನಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಎಂಬ ಮೂರು ಹಂತಗಳಲ್ಲಿ ರೈತರು ಕಣ್ಣಾರೆ ಕಾಣುವುದು ಮೊದಲನೆಯದನ್ನು ಮಾತ್ರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಅದಕ್ಕೆ ‘ಡೈರಿ’ ಎಂದೇ ಹೆಸರು. ಅಲ್ಲಿ ಸೆಕ್ರೆಟರಿಯ ಪಕ್ಕದಲ್ಲಿ ನಿಂತು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಲು ನೋಡುವ ಟೆಸ್ಟರ್ ಬರೆದ ಅಂಕಿಯೇ ಒಂದು ಮನೆಯ ಆದಾಯವಾಗುತ್ತದೆ.

ಈ ಕೆಲಸಕ್ಕೆ ಮೂವತ್ತು ದಿನದ ಯೋಜನೆ ಮಾಡುವಾಗ ದಿನಗಳನ್ನು ಕ್ಯಾಲೆಂಡರ್ ನೋಡಿ ಹಂಚುವುದಕ್ಕಿಂತ ಬಟವಾಡೆ ನೋಡಿ ಹಂಚುವುದು ಸರಿ. ಹಾಲಿನ ಹಣ ಬಹುತೇಕ ವಾರಕ್ಕೊಮ್ಮೆ ಇಲ್ಲವೆ ಹದಿನೈದು ದಿನಕ್ಕೊಮ್ಮೆ ಬಟವಾಡೆಯಾಗುತ್ತದೆ. ಹದಿನೈದು ದಿನದ ಪದ್ಧತಿ ಇರುವ ಕಡೆ ಒಂದು ತಿಂಗಳಲ್ಲಿ ಎರಡು ಬಟವಾಡೆ ಬರುತ್ತವೆ. ಮೊದಲನೆಯದು ಬೇರೆಯವರ ಅಳತೆಯ ಮೇಲೆ ನಡೆದು ಹೊಸಬರು ಅದನ್ನು ನೋಡಬೇಕು. ಎರಡನೆಯದು ಅವರದೇ ಅಳತೆಯ ಮೇಲೆ ನಡೆಯಬೇಕು. ಟೆಸ್ಟರ್ ಮಾಡಿದ ತಪ್ಪು ಮಾಡಿದ ದಿನವೇ ಕಾಣುವುದಿಲ್ಲ. ಒಂದು ಹೊತ್ತಿನ ಹಾಲಿನಲ್ಲಿ ಜಿಡ್ಡು ಒಂದು ಅಂಶ ಕಡಿಮೆ ಬರೆದರೆ ಕೆಲವೇ ರೂಪಾಯಿ, ಯಾರೂ ಗಮನಿಸುವುದಿಲ್ಲ. ಅದೇ ಕೈ ಮೂವತ್ತು ಹೊತ್ತು ಹಾಗೇ ಬರೆದಾಗ ಬಟವಾಡೆಯ ಚೀಟಿ ಹಿಡಿದು ಜನ ಬಾಗಿಲಿಗೆ ಬರುತ್ತಾರೆ. ಹೊಸಬರು ಒಂದು ಬಟವಾಡೆಯನ್ನಾದರೂ ಆದಿಯಿಂದ ಅಂತ್ಯದವರೆಗೆ ತಮ್ಮ ಕೈಯಲ್ಲಿ ದಾಟಿಸುವವರೆಗೆ ಅವರಿಗೆ ಕೆಲಸ ಬಂದಿದೆಯೋ ಇಲ್ಲವೋ ಹೇಳಲು ಆಧಾರವೇ ಇರುವುದಿಲ್ಲ.

ಮೊದಲ ಮೂರು ದಿನ ಯಂತ್ರ ಮುಟ್ಟುವುದು ಬೇಡ. ಆ ದಿನಗಳು ಪರಿಚಯಕ್ಕೆ. ಸಂಘದ ಅಧ್ಯಕ್ಷರು, ನಿರ್ದೇಶಕರು, ಒಕ್ಕೂಟದ ವಿಸ್ತರಣಾಧಿಕಾರಿ, ಹಾಲಿನ ಲಾರಿಯ ಚಾಲಕ, ಪಶುವೈದ್ಯರು, ಕೃತಕ ಗರ್ಭಧಾರಣೆ ಮಾಡುವವರು ಎಂಬ ಪಟ್ಟಿ ಎಲ್ಲರಿಗೂ ಹೊಳೆಯುತ್ತದೆ. ಮರೆಯುವುದು ಹಾಲು ಹಾಕುವವರನ್ನು. ಹೊಸಬರು ಸಾಲಿನ ಪಕ್ಕ ನಿಂತು, ಪ್ರತಿ ಸದಸ್ಯರ ಸಂಖ್ಯೆಯ ಜೊತೆಗೆ ಮನೆಯಲ್ಲಿ ಎಷ್ಟು ಕರೆಯುವ ಹಸು, ಯಾವ ತಳಿ, ಕರು ಹಾಕಿ ಎಷ್ಟು ದಿನವಾಯಿತು, ಎಮ್ಮೆಯೂ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಎಚ್‌ಎಫ್ ಮಿಶ್ರತಳಿಯ ಹಸು ಹೆಚ್ಚು ಹಾಲು ಕೊಡುತ್ತದೆ, ಜಿಡ್ಡು ಕಡಿಮೆ. ನಾಟಿ ಹಸುವಿನ ಹಾಲು ಕಡಿಮೆ, ಜಿಡ್ಡು ಹೆಚ್ಚು. ಕರು ಹಾಕಿದ ಮೊದಲ ದಿನಗಳ ಗಿಣ್ಣು ಹಾಲನ್ನು ಡೈರಿಗೆ ತೆಗೆದುಕೊಳ್ಳುವಂತಿಲ್ಲ. ಕೆಚ್ಚಲು ಬಾವು ಬಂದ ಹಸುವಿನ ಹಾಲು ಬೇರೆಯವರ ಹಾಲನ್ನೂ ಕೆಡಿಸುತ್ತದೆ. ಇವೆಲ್ಲ ತಿಳಿದಿದ್ದರೆ ಯಂತ್ರ ತೋರಿಸಿದ ಅಂಕಿಯೊಂದು ಸಹಜವೋ ಅನುಮಾನಾಸ್ಪದವೋ ಎಂದು ಆಗಲೇ ಗೊತ್ತಾಗುತ್ತದೆ.

ಇದಕ್ಕೆ ಬರುವ ಆಕ್ಷೇಪ ಸುಲಭವಾದದ್ದು: ಟೆಸ್ಟರ್ ಅದೇ ಊರಿನವರು, ಹುಟ್ಟಿದಾಗಿನಿಂದ ಎಲ್ಲರನ್ನೂ ಬಲ್ಲವರು, ಅವರಿಗೆ ಪರಿಚಯ ಯಾಕೆ? ಊರಿನವರಾದ್ದರಿಂದಲೇ ಬೇಕು. ಸಾಲಿನಲ್ಲಿ ನಿಂತವರು ಅವರಿಗೆ ಚಿಕ್ಕಪ್ಪ, ಅತ್ತೆ, ಭಾವ. ಸಲುಗೆಯಿಂದ ‘ನೋಡಿ ಹಾಕಪ್ಪ’ ಎನ್ನುವ ಮಾತು ಮೊದಲ ವಾರದಲ್ಲೇ ಬರುತ್ತದೆ. ಅಧ್ಯಕ್ಷರೋ ಸೆಕ್ರೆಟರಿಯೋ ಎಲ್ಲರ ಎದುರಿಗೆ, ಇವರು ಇಂಥ ದಿನದಿಂದ ಹಾಲು ನೋಡುತ್ತಾರೆ, ಅನುಮಾನ ಬಂದರೆ ಸ್ಥಳದಲ್ಲೇ ಮರುಪರೀಕ್ಷೆ ಕೇಳಿ ಎಂದು ಒಮ್ಮೆ ಹೇಳಿಬಿಟ್ಟರೆ, ನಂಟನ್ನು ಮುಂದಿಟ್ಟು ಕೇಳುವ ದಾರಿಯೂ ನಂಟಿನ ಕಾರಣಕ್ಕೆ ಅನುಮಾನ ಪಡುವ ದಾರಿಯೂ ಒಟ್ಟಿಗೆ ಕಿರಿದಾಗುತ್ತವೆ. ಇದೂ ಪರಿಚಯವೇ. ಊರಿನವರೆಂದು ಗೊತ್ತಿದ್ದವರು ಈಗ ಹಾಲು ಅಳೆಯುವವರು ಎಂದು ಊರಿಗೆ ತಿಳಿಸುವ ಪರಿಚಯ.

ನಾಲ್ಕನೆಯ ದಿನದಿಂದ ಹದಿನೈದರವರೆಗೆ ಕೈ ಪಳಗಬೇಕು. ಸಂಜೆ ಸಾಮಾನ್ಯವಾಗಿ ಹಾಲು ಕಡಿಮೆ, ಸಾಲೂ ಚಿಕ್ಕದು. ಕಲಿಕೆಯನ್ನು ಸಂಜೆಯಿಂದಲೇ ಶುರುಮಾಡುವುದು ಒಳ್ಳೆಯದು. ಕಲಿಯಬೇಕಾದದ್ದು ಗುಂಡಿ ಒತ್ತುವುದಲ್ಲ, ಮಾದರಿ ತೆಗೆಯುವುದು. ಜಿಡ್ಡು ಮೇಲೆ ತೇಲುತ್ತದೆ, ಆದ್ದರಿಂದ ಕಲಕದ ಹಾಲಿನ ಮೇಲ್ಭಾಗದಿಂದ ತೆಗೆದ ಮಾದರಿ ಹೆಚ್ಚು ತೋರಿಸುತ್ತದೆ, ಅಡಿಯಿಂದ ತೆಗೆದದ್ದು ಕಡಿಮೆ. ನೊರೆ ಇರುವ ಹಾಲು ಯಂತ್ರದೊಳಗೆ ಗುಳ್ಳೆ ಕಟ್ಟಿ ಅಂಕಿ ಕೆಡಿಸುತ್ತದೆ. ಹುಳಿಯಾದ ಹಾಲನ್ನು ಯಂತ್ರಕ್ಕೆ ಹಾಕಲೇಬಾರದು. ಪ್ರತಿ ಹೊತ್ತಿನ ಕೊನೆಗೆ ಯಂತ್ರವನ್ನು ತೊಳೆಯದಿದ್ದರೆ ಒಳಗೆ ಕಟ್ಟಿದ ಕೆನೆ ಮರುದಿನದ ಎಲ್ಲರ ಲೆಕ್ಕವನ್ನೂ ಬದಲಿಸುತ್ತದೆ. ಈ ಹನ್ನೆರಡು ದಿನ ಹೊಸಬರು ಹಳಬರ ಜೊತೆಯಲ್ಲೇ ಅದೇ ಮಾದರಿಯನ್ನು ಇನ್ನೊಮ್ಮೆ ನೋಡಿ, ಅವರ ಅಂಕಿಯನ್ನು ಕೇಳುವ ಮೊದಲೇ ತಮ್ಮದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಹಣ ಹೋಗುವುದು ಹಳಬರ ಅಂಕಿಯ ಮೇಲೆ. ನೋಟುಬುಕ್ಕು ಕಲಿಕೆಗೆ ಮಾತ್ರ.

ಲ್ಯಾಕ್ಟೋಮೀಟರಿನ ಉದಾಹರಣೆಯೊಂದನ್ನು ಹತ್ತಿರದಿಂದ ನೋಡಿದರೆ ಈ ನೋಟುಬುಕ್ಕಿನ ಬೆಲೆ ತಿಳಿಯುತ್ತದೆ. ಜನ ‘ಡಿಗ್ರಿ’ ಎನ್ನುವುದು ಇದರ ಅಂಕಿಯನ್ನೇ. 27 ಡಿಗ್ರಿ ಸೆಲ್ಸಿಯಸ್‌ಗೆ ಗುರುತು ಹಾಕಿದ ಲ್ಯಾಕ್ಟೋಮೀಟರನ್ನು ಈಗಷ್ಟೇ ಕರೆದು ತಂದ, 32 ಡಿಗ್ರಿ ಬಿಸಿಯ ಹಾಲಿನಲ್ಲಿ ಬಿಟ್ಟರೆ, ಬಿಸಿಗೆ ಹಿಗ್ಗಿದ ಹಾಲು ತೆಳ್ಳಗಾಗಿ ಲ್ಯಾಕ್ಟೋಮೀಟರು ಸ್ವಲ್ಪ ಹೆಚ್ಚು ಮುಳುಗುತ್ತದೆ. 29 ತೋರಿಸಬೇಕಾದ ಕಡೆ ಸುಮಾರು 28 ತೋರಿಸುತ್ತದೆ. ತಿದ್ದುಪಡಿ ಪಟ್ಟಿ ನೋಡದೆ 28 ಎಂದೇ ಬರೆದರೆ ಏನಾಗುತ್ತದೆ? ಎಸ್‌ಎನ್‌ಎಫ್ ಲೆಕ್ಕಕ್ಕೆ ಈ ಅಂಕಿಯನ್ನು ನಾಲ್ಕರಿಂದ ಭಾಗಿಸುತ್ತಾರೆ. ಹಾಗಾಗಿ ಒಂದು ಡಿಗ್ರಿಯ ತಪ್ಪಿಗೆ ಎಸ್‌ಎನ್‌ಎಫ್‌ನಲ್ಲಿ 0.25 ಕಡಿಮೆಯಾಗುತ್ತದೆ. 8.5 ಬರಬೇಕಿದ್ದ ಹಸುವಿನ ಹಾಲು 8.25 ಆಗುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಹಸುವಿನ ಹಾಲಿಗೆ ಇಟ್ಟಿರುವ ಕನಿಷ್ಠ ಮಿತಿ 8.3. ಅಂದರೆ ಒಂದು ಹನಿ ನೀರು ಬೆರೆಸದ ಮನೆಯವರು ಸಾಲಿನಲ್ಲಿ ಎಲ್ಲರ ಮುಂದೆ ನೀರು ಬೆರೆಸಿದವರಾಗಿಬಿಡುತ್ತಾರೆ. ಡೈರಿಗೆ ಅಂಟಿದ ಮನೆಯವರಿಗೆ ಯಾವಾಗಲೂ ಬಿಸಿ ಹಾಲು, ದೂರದ ಮನೆಯವರಿಗೆ ಆರಿದ ಹಾಲು. ಆದ್ದರಿಂದ ಇದು ಯಾವತ್ತೋ ಒಮ್ಮೆ ಆಗುವ ತಪ್ಪಲ್ಲ, ದಿನವೂ ಅದೇ ಮನೆಗಳ ಮೇಲೆ ಬೀಳುವ ತಪ್ಪು.

ಅಂಕಿ ಸರಿಯಾಗಿ ಬಂದ ಮೇಲೂ ಅದಕ್ಕೆ ಕಾರಣ ಹೇಳಲು ಬರಬೇಕು. ‘ನಿನ್ನೆ ಸಂಜೆ 4.2 ಇತ್ತು, ಬೆಳಿಗ್ಗೆ 3.6 ಹೆಂಗಾಯ್ತು?’ ಎಂಬುದು ಪ್ರತಿ ಡೈರಿಯಲ್ಲೂ ಕೇಳುವ ಪ್ರಶ್ನೆ. ಸಂಜೆಯಿಂದ ಬೆಳಗಿನವರೆಗೆ ಕರೆಯುವ ಅಂತರ ಹೆಚ್ಚಿದ್ದರೆ ಹಾಲು ಹೆಚ್ಚುತ್ತದೆ, ಜಿಡ್ಡಿನ ಪಾಲು ಇಳಿಯುತ್ತದೆ. ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕಡೆಯ ಹಾಲಿನಲ್ಲಿ ಹೆಚ್ಚು. ಕಡೆಯದನ್ನು ಕರುವಿಗೆ ಬಿಟ್ಟಿದ್ದರೆ ಡೈರಿಗೆ ಬಂದದ್ದು ತೆಳುವೇ. ಇದನ್ನು ಬಾಯಿಬಿಟ್ಟು ಹೇಳಬಲ್ಲ ಟೆಸ್ಟರ್ ಮೇಲಿನ ಅನುಮಾನ ಅರ್ಧಕ್ಕೆ ಇಳಿಯುತ್ತದೆ. ‘ಮಿಷಿನ್ನೇ ಹಂಗೆ ತೋರಿಸ್ತು’ ಎನ್ನುವವರ ಮೇಲೆ ಅದು ದುಪ್ಪಟ್ಟಾಗುತ್ತದೆ. ಯಂತ್ರ ಬಂದ ಮೇಲೆ ಕಲಿಕೆಗೆ ಒಂದು ವಾರ ಸಾಕು ಎನ್ನುವವರಿಗೂ ಇದೇ ಉತ್ತರ. ಯಂತ್ರ ಉಳಿಸುವುದು ಪರೀಕ್ಷೆಯ ಹೊತ್ತನ್ನು, ವಿವರಣೆಯ ಹೊಣೆಯನ್ನಲ್ಲ.

ಹದಿನೈದನೆಯ ದಿನ ಮೊದಲ ಪರಿಶೀಲನೆ. ಸೆಕ್ರೆಟರಿ ನೋಟುಬುಕ್ಕನ್ನು ರಿಜಿಸ್ಟರಿನ ಪಕ್ಕ ಇಟ್ಟು ನೋಡಬೇಕು. ಒಂದೇ ಮಾದರಿಯಲ್ಲಿ ಜಿಡ್ಡಿನ ವ್ಯತ್ಯಾಸ 0.1ರ ಒಳಗಿದ್ದರೆ ಕೈ ಕೂತಿದೆ ಎನ್ನಬಹುದು. ವ್ಯತ್ಯಾಸ ಎಷ್ಟು ಎಂಬುದಕ್ಕಿಂತ ಯಾವ ಕಡೆಗೆ ಎಂಬುದು ಮುಖ್ಯ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತಿದ್ದರೆ ಅದು ಅಭ್ಯಾಸ ಸಾಲದ್ದು, ದಿನ ಕಳೆದಂತೆ ಸರಿಹೋಗುತ್ತದೆ. ಯಾವಾಗಲೂ ಒಂದೇ ಕಡೆ ವಾಲಿದ್ದರೆ ಮಾದರಿ ತೆಗೆಯುವ ರೀತಿಯಲ್ಲೇ ದೋಷವಿದೆ. ಒಂದು ಮನೆಯ ಹಾಲಿಗೆ ಮಾತ್ರ ವಾಲಿದ್ದರೆ ಅದು ಬೇರೆಯೇ ಮಾತು, ಅದನ್ನು ಅಂದೇ ನೇರವಾಗಿ ಕೇಳಬೇಕು. ಜೊತೆಗೆ ಆ ಹದಿನೈದು ದಿನದ ಬಟವಾಡೆ ಪಟ್ಟಿಯನ್ನು ಹೊಸಬರೇ ಕೂಡಿ ನೋಡಲಿ. ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವುದರಿಂದ, ಒಬ್ಬರ ಸಂಖ್ಯೆಗೆ ಇನ್ನೊಬ್ಬರ ಹಾಲು ಬರೆದರೆ ಎರಡು ಕಡೆ ತಪ್ಪಾಗುತ್ತದೆ.

ಹದಿನಾರರಿಂದ ಮೂವತ್ತರವರೆಗೆ ಅಳತೆ ಹೊಸಬರದು, ಹಳಬರು ಪಕ್ಕಕ್ಕೆ ನಿಲ್ಲುವುದು. ಕೊನೆಯ ಪರಿಶೀಲನೆಯಲ್ಲಿ ಊರಿನ ಲೆಕ್ಕವನ್ನು ಒಕ್ಕೂಟದ ಲೆಕ್ಕದ ಜೊತೆ ತಾಳೆ ನೋಡಬೇಕು. ಒಂದು ಸಂಘ ಪ್ರತಿ ಹೊತ್ತು 400 ಕೆ.ಜಿ. ಹಾಲು ಕಳಿಸುತ್ತದೆ ಎಂದುಕೊಳ್ಳಿ. ಸದಸ್ಯರಿಂದ ಕೊಂಡ ಲೆಕ್ಕದಲ್ಲಿ ಸರಾಸರಿ ಜಿಡ್ಡು 4.0, ಒಕ್ಕೂಟದ ಚೀಟಿಯಲ್ಲಿ 3.9. ಹೊತ್ತಿಗೆ 0.4 ಕೆ.ಜಿ. ಜಿಡ್ಡು ಕಡಿಮೆ. ಹದಿನೈದು ದಿನದ ಮೂವತ್ತು ಹೊತ್ತಿಗೆ 12 ಕೆ.ಜಿ. ಆ ಹಣ ಸಂಘದ ಕೈಯಿಂದ ಹೋಯಿತು. ಊರಿನ ಲೆಕ್ಕ 3.8, ಒಕ್ಕೂಟದ ಲೆಕ್ಕ 3.9 ಬಂದರೆ ಸಂಘಕ್ಕೆ ಲಾಭ ಕಾಣುತ್ತದೆ, ಆದರೆ ಅದು ಸದಸ್ಯರಿಗೆ ಸಲ್ಲಬೇಕಿದ್ದ ಹಣ. ಇಂಥ ಟೆಸ್ಟರನ್ನು ಆಡಳಿತ ಮಂಡಳಿ ಮೆಚ್ಚುವ ಅಪಾಯವಿದೆ. ಮೆಚ್ಚಬಾರದು. ವ್ಯತ್ಯಾಸಕ್ಕೆ ಹೊಸಬರೇ ಕಾರಣ ಎಂದು ಆತುರಪಡುವುದೂ ತಪ್ಪು. ಹಿಂದಿನ ಹದಿನೈದು ದಿನದಲ್ಲೂ ಅಷ್ಟೇ ವ್ಯತ್ಯಾಸವಿದ್ದರೆ ದೋಷ ಯಂತ್ರದಲ್ಲೋ ಕ್ಯಾನಿನ ಹಾಲು ಕಲಕುವುದರಲ್ಲೋ ಇದೆ.

ಸಣ್ಣ ಸಂಘಕ್ಕೆ ಒಂದು ತಿಂಗಳು ಇಬ್ಬರಿಗೆ ಸಂಬಳ ಕೊಡುವ ಶಕ್ತಿ ಇಲ್ಲ ಎಂಬ ಆಕ್ಷೇಪ ಮಾತ್ರ ನಿಜವಾದದ್ದು. ಎಷ್ಟೋ ಕಡೆ ಹಳಬರು ಬಿಟ್ಟುಹೋದ ಮೇಲೆಯೇ ಹೊಸಬರು ಬರುತ್ತಾರೆ. ಆಗ ಜೋಡಿ ಅಳತೆಯನ್ನು ಎಲ್ಲರ ಹಾಲಿಗೂ ಮಾಡಲಾಗುವುದಿಲ್ಲ. ಸೆಕ್ರೆಟರಿ ಸಂಜೆಗೆ ಹತ್ತು ಮಾದರಿಗಳನ್ನು ಮಾತ್ರ ಇನ್ನೊಮ್ಮೆ ನೋಡಿದರೂ ಹನ್ನೆರಡು ಸಂಜೆಗೆ ನೂರಿಪ್ಪತ್ತು ಜೋಡಿ ಅಂಕಿಗಳು ಸಿಗುತ್ತವೆ. ಯಾವ ಕಡೆ ವಾಲಿದೆ ಎಂದು ತಿಳಿಯಲು ಅಷ್ಟು ಸಾಕು. ಸೇರುವ ತಿಂಗಳನ್ನೂ ನೋಡಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಮನೆಮಂದಿ ರಾತ್ರಿಯೆಲ್ಲ ಬ್ಯಾರನ್ ಕಾಯುತ್ತಾರೆ, ಹಾಲು ಕರೆಯುವ ಹೊತ್ತು ಏರುಪೇರಾಗುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆ ಬಂದ ದಿನ ಬೆಳಕು ಹರಿಯುವ ಮುಂಚೆ ಯಾರೂ ಹೊರಡುವುದಿಲ್ಲ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಹಸಿ ಮೇವು ಹೆಚ್ಚಾದಾಗ ಹಾಲೂ ಏರುತ್ತದೆ, ಸಾಲೂ ಉದ್ದವಾಗುತ್ತದೆ. ಇಂಥ ತಿಂಗಳಲ್ಲಿ ಸೇರಿದವರ ಎರಡನೆಯ ಬಟವಾಡೆ ತಾಳೆಯಾಗದಿದ್ದರೆ ಯೋಜನೆಯನ್ನು ಇನ್ನೊಂದು ಬಟವಾಡೆಗೆ ಮುಂದುವರಿಸಿ, ಬೆಳಗಿನ ಸಾಲನ್ನು ಅಷ್ಟು ದಿನ ಸೆಕ್ರೆಟರಿಯೇ ನೋಡಿಕೊಂಡು, ಸಂಜೆಯದನ್ನು ಹೊಸಬರ ಕೈಯಲ್ಲೇ ಬಿಡುವುದು ಸರಿ.