ತೆರಿಗೆಯ ಮೇಲೊಂದು ತೆರಿಗೆ

ಹಳೆಯ ವಹಿವಾಟು ತೆರಿಗೆಯಲ್ಲಿ ಸರಕು ಕೈ ಬದಲಿಸಿದಾಗಲೆಲ್ಲ ಪೂರ್ಣ ಬೆಲೆಯ ಮೇಲೆ ತೆರಿಗೆ ಬೀಳುತ್ತಿತ್ತು. ದರ ಶೇಕಡಾ 10 ಎಂದುಕೊಳ್ಳೋಣ. 100 ರೂಪಾಯಿಯ ನೂಲು ನೇಕಾರನಿಗೆ 110 ಆಗುತ್ತದೆ. ಅವನು ದುಡಿಮೆಯ 100 ಸೇರಿಸಿ, ತೆರಿಗೆಯೊಡನೆ 231ಕ್ಕೆ ಮಾರುತ್ತಾನೆ. ಅಂಗಡಿಯವನೂ 100 ಸೇರಿಸಿದರೆ ಸೀರೆಯ ಬೆಲೆ 364 ರೂಪಾಯಿ 10 ಪೈಸೆ. ಅದರಲ್ಲಿ 64 ರೂಪಾಯಿಗೂ ಮಿಕ್ಕಿ ತೆರಿಗೆಯೇ. ನೂಲುವುದರಿಂದ ಮಾರುವವರೆಗೆ ಎಲ್ಲವನ್ನೂ ಒಂದೇ ಗಿರಣಿ ನಡೆಸಿದರೆ ತೆರಿಗೆ 30 ಮಾತ್ರ. ಹೀಗೆ ತೆರಿಗೆಯೇ ಚಿಕ್ಕ ನೇಕಾರನನ್ನು ಸೋಲಿಸುತ್ತಿತ್ತು.

ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆಯುವ ಕ್ರಮವನ್ನು ಫ್ರಾನ್ಸ್ 1954ರಲ್ಲಿ ಆರಂಭಿಸಿತು. ಜರ್ಮನಿ 1968ರಲ್ಲಿ ಅನುಸರಿಸಿತು. ಕರ್ನಾಟಕಕ್ಕೆ ಅದು 2005ರಲ್ಲಿ ಬಂದರೂ, ಬೆಲೆಯೊಳಗೆ ಅಡಗಿದ ಕೇಂದ್ರ ಅಬಕಾರಿ ಸುಂಕದ ಮೇಲೂ ರಾಜ್ಯದ ತೆರಿಗೆ ಬೀಳುತ್ತಲೇ ಇತ್ತು. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಆ ಪದರವನ್ನು ಕಳಚಿತು.