‘ರೆಡಿ’ ಅಂದ್ರೆ ‘ಹೊರಟೆ’ ಅಂತಲ್ಲ

ಅಹಮದಾಬಾದ್, ವಡೋದರಾ, ಸೂರತ್ ಕಡೆ ಕೆಲಸಕ್ಕಿರೋ ನಮ್ಮಂಥವರು ಹಬ್ಬಕ್ಕೆ ಊರಿಗೆ ಹೊರಟಾಗ, ವಿಮಾನ ರನ್‌ವೇ ಅಂಚಿಗೆ ಬಂದು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತೆ. ಆಗ ಪೈಲಟ್ ಟವರಿಗೆ ಹೇಳೋದು ಒಂದೇ ಪುಟ್ಟ ವಾಕ್ಯ: ವಿಮಾನದ ಕರೆಹೆಸರು, ಆಮೇಲೆ ‘ರೆಡಿ ಫಾರ್ ಡಿಪಾರ್ಚರ್’. ‘ರೆಡಿ ಫಾರ್ ಟೇಕಾಫ್’ ಅನ್ನಲ್ಲ. ಆ ಒಂದು ಪದ ಅಲ್ಲಿ ಯಾಕಿಲ್ಲ ಅನ್ನೋದೇ ಇವತ್ತಿನ ಕಥೆ.

1977ರ ಮಾರ್ಚ್ 27. ಸ್ಪೇನಿನ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣ. ದಟ್ಟ ಮಂಜು, ಟವರಿಗೆ ರನ್‌ವೇ ಕಾಣ್ತಿಲ್ಲ, ನೆಲದ ರಾಡಾರ್ ಇಲ್ಲ. ಇದ್ದಿದ್ದು ಬರೀ ದನಿ. ರನ್‌ವೇಯ ಒಂದು ತುದಿಯಲ್ಲಿ ಕೆಎಲ್‌ಎಮ್‌ನ 747, ಅದೇ ರನ್‌ವೇ ಮೇಲೆ ಎದುರಿನಿಂದ ನಿಧಾನವಾಗಿ ಉರುಳಿ ಬರ್ತಿದ್ದ ಪ್ಯಾನ್ ಆ್ಯಮ್‌ನ 747.

ಕೆಎಲ್‌ಎಮ್ ಸಹಪೈಲಟ್ ‘ಟೇಕಾಫಿಗೆ ರೆಡಿ, ಅನುಮತಿಗೆ ಕಾಯ್ತಿದ್ದೀವಿ’ ಅಂದ. ಟವರ್ ಕೊಟ್ಟಿದ್ದು ಹಾರಿದ ಮೇಲೆ ಹೋಗಬೇಕಾದ ದಾರಿಯ ಅನುಮತಿ ಮಾತ್ರ, ಹಾರೋಕೆ ಅಲ್ಲ. ಆದರೆ ಆ ಮಾತಲ್ಲೂ ‘ಟೇಕಾಫ್’ ಪದ ಇತ್ತು. ಸಹಪೈಲಟ್ ಅದನ್ನು ಒಪ್ಪಿಸಿ, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೀವಿ’ ಎಂಬರ್ಥದ ಮಾತು ಸೇರಿಸಿದ. ಹಾರೋಕೆ ನಿಂತಿದ್ದೀವಿ ಅಂತಲೋ, ಹೊರಟೇಬಿಟ್ಟೆವು ಅಂತಲೋ? ಟವರ್ ಮೊದಲನೆಯದೇ ಅಂತ ತಿಳಿದು ‘ಓಕೆ’ ಅಂತು. ಕ್ಷಣ ಬಿಟ್ಟು ‘ಕಾಯಿರಿ, ಕರೀತೀನಿ’ ಅಂದಾಗಲೇ, ‘ನಾವಿನ್ನೂ ರನ್‌ವೇ ಮೇಲಿದ್ದೀವಿ’ ಅಂತ ಪ್ಯಾನ್ ಆ್ಯಮ್ ಕೂಡ ಬಟನ್ ಒತ್ತಿತು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಮಾತಾಡಿದ್ರೆ ಕೇಳೋನಿಗೆ ಕಿರ್ ಅನ್ನೋ ಸದ್ದು. ಕೆಎಲ್‌ಎಮ್ ಕಾಕ್‌ಪಿಟ್ಟಿಗೆ ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಮಾತ್ರ. 583 ಜನ ಸತ್ತರು.

ನನಗೂ ಇದರ ಸಣ್ಣ ರುಚಿ ಸಿಕ್ಕಿದೆ. ರಾತ್ರಿ ರಿಲೀಸ್ ಕಾಲ್‌ನಲ್ಲಿ ನಾನು ‘ರೆಡಿ’ ಅಂದೆ, ಆ ಕಡೆಯವನು ಸ್ಕ್ರಿಪ್ಟ್ ಓಡಿಸಿಯೇ ಬಿಟ್ಟ! ನಮ್ಮಲ್ಲಿ ರೋಲ್‌ಬ್ಯಾಕ್ ಇತ್ತು, ಅಷ್ಟೇ.

ಆಮೇಲೆ ‘ಟೇಕಾಫ್’ ಅನ್ನೋ ಪದವನ್ನೇ ಕಟ್ಟಿಹಾಕಿದರು. ಟವರ್ ಹಾರೋಕೆ ಅನುಮತಿ ಕೊಡುವಾಗ, ಅದನ್ನು ರದ್ದು ಮಾಡುವಾಗ, ಪೈಲಟ್ ಅದನ್ನೇ ತಿರುಗಿ ಹೇಳುವಾಗ ಮಾತ್ರ ಅದು ಬರಬೇಕು. ಮಿಕ್ಕೆಲ್ಲ ಕಡೆ ‘ಡಿಪಾರ್ಚರ್’.

ಈಗ ಅಹಮದಾಬಾದಿನ ರನ್‌ವೇ 23 ನೋಡಿ. ಪೈಲಟ್ ‘ರೆಡಿ ಫಾರ್ ಡಿಪಾರ್ಚರ್’ ಅಂತಾನೆ. ಟವರ್ ‘ಲೈನ್ ಅಪ್ ಅಂಡ್ ವೇಟ್’ ಅಂದ್ರೆ, ರನ್‌ವೇಗೆ ಬಂದು ನಿಲ್ಲು, ಹೊರಡಬೇಡ ಅಂತ. ಪೈಲಟ್ ಕರೆಹೆಸರು, ರನ್‌ವೇ ನಂಬರ್ ಸಮೇತ ಅದನ್ನೇ ಒಪ್ಪಿಸಬೇಕು. ಬರೀ ‘ರೋಜರ್’ ಸಾಲದು. ಅದರರ್ಥ ಕೇಳಿಸ್ತು ಅಂತ ಮಾತ್ರ, ಏನು ಕೇಳಿಸ್ತು ಅಂತ ಗೊತ್ತಾಗಲ್ಲ. ‘ಕ್ಲಿಯರ್ಡ್ ಫಾರ್ ಟೇಕಾಫ್’ ಬರೋದು ಕೊನೆಗೆ. ವಡೋದರಾ, ಸೂರತ್ ಎರಡರಲ್ಲೂ ರನ್‌ವೇ 22. ಅಲ್ಲೂ ಇದೇ ಮಾತು, ಇದೇ ಕ್ರಮ.

ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಆ ಕಿರ್ ಸದ್ದು ಇವತ್ತಿಗೂ ಬರುತ್ತೆ. ಅದು ಕೇಳಿತು ಅಂದ್ರೆ ಯಾರದೋ ಮಾತು ನುಂಗಿಹೋಗಿದೆ ಅಂತ. ಇನ್ನೊಮ್ಮೆ ಹೇಳಿ ಅನ್ನಬೇಕು, ಅಲ್ಲೀವರೆಗೂ ಚಕ್ರ ಉರುಳಬಾರದು.